ಕಿಮೋ ಆದ ಮೇಲೆ ಬಂದ ಜ್ವರವನ್ನು ಡಾಕ್ಟರಿಗೆ ಮೆಸೇಜ್‌ನಲ್ಲಿ ತಿಳಿಸುವುದು ಹೇಗೆ?

ಪ್ರಶ್ನೆ: ನಮ್ಮ ತಾಯಿಗೆ ಬಳ್ಳಾರಿಯಲ್ಲಿ ಸ್ತನ ಕ್ಯಾನ್ಸರ್‌ಗೆ ಕಿಮೋ ನಡೀತಿದೆ, ನಾವಿರೋದು ಸಿಂಧನೂರು. ಹೋದ ಸಲ ಜ್ವರ ಬಂದಾಗ ಆಸ್ಪತ್ರೆ ನಂಬರಿಗೆ ವಾಟ್ಸಾಪ್ ಹಾಕಿದ್ವಿ, ಉತ್ತರ ಬಂದದ್ದು ಮರುದಿನ. ಏನು ಬರೆದರೆ ಬೇಗ ನೋಡ್ತಾರೆ?

ನಾನು ಬಳ್ಳಾರಿಯಲ್ಲಿ ಕಿಮೋ ಡೇ ಕೇರ್ ವಾರ್ಡಿನ ಸ್ಟಾಫ್ ನರ್ಸ್. ಇಂಥ ಮೆಸೇಜುಗಳನ್ನು ಮೊದಲು ಓದಿ, ಯಾವುದನ್ನು ತಕ್ಷಣ ಡಾಕ್ಟರ ಮುಂದಿಡಬೇಕು, ಯಾವುದು ಓಪಿಡಿ ಮುಗಿಯುವವರೆಗೆ ಕಾಯಬಹುದು ಎಂದು ಬೇರ್ಪಡಿಸುವುದು ನನ್ನ ಪಾಳಿಯ ಕೆಲಸಗಳಲ್ಲೊಂದು. ನಮಗೆ ಬರುವ ಮೆಸೇಜುಗಳಲ್ಲಿ ಬಹುಪಾಲು ‘ನಮಸ್ಕಾರ ಸರ್, ಅಮ್ಮನಿಗೆ ಸ್ವಲ್ಪ ಮೈ ಬೆಚ್ಚಗಿದೆ, ಸುಸ್ತು ಬಹಳ, ಯಾವ ಮಾತ್ರೆ ಕೊಡಬೇಕು’ ಎಂಬ ಧಾಟಿಯಲ್ಲಿರುತ್ತವೆ, ಅದರ ಹಿಂದೆಯೇ ಹಳೆಯ ರಿಪೋರ್ಟುಗಳ ಹತ್ತಾರು ಫೋಟೋಗಳು ಬರುತ್ತವೆ. ಫೋನಿನ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ‘ಕಿಮೋ’, ‘ಜ್ವರ’, ಒಂದು ಅಂಕಿ, ಒಂದು ತಾರೀಖು ಇಲ್ಲದಿದ್ದರೆ ಆ ಮೆಸೇಜು ಹೊಟ್ಟೆ ಉರಿ, ಕೂದಲು ಉದುರುವಿಕೆಯ ಪ್ರಶ್ನೆಗಳ ಸಾಲಿನಲ್ಲಿ ಕೂತುಬಿಡುತ್ತದೆ.

ತಾರೀಖು ಏಕೆ ಬೇಕೆಂದರೆ, ಹೆಚ್ಚಿನ ಕಿಮೋ ಔಷಧಗಳ ನಂತರ ಸುಮಾರು 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ತಳಕ್ಕೆ ಇಳಿದಿರುತ್ತವೆ. ಆ ಅವಧಿಯಲ್ಲಿ ಸೋಂಕು ತಗುಲಿದರೆ ಕೀವು ಕಟ್ಟಲು, ಬಾವು ಬರಲು ಬೇಕಾದ ಕಣಗಳೇ ಇರುವುದಿಲ್ಲವಾದ್ದರಿಂದ, ಹೊರಗೆ ಕಾಣುವ ಒಂದೇ ಗುರುತು ಬಹಳ ಸಲ ಜ್ವರವೇ ಆಗಿರುತ್ತದೆ, ಮತ್ತು ಆ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೇರಿ ಬಿಪಿ ಕುಸಿಯುವ ಮಟ್ಟಕ್ಕೆ ಹೋಗಬಹುದು. ಆದ್ದರಿಂದಲೇ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರವನ್ನು ನಾವು ತುರ್ತು ಎಂದೇ ಹಿಡಿಯುತ್ತೇವೆ. ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳದಲ್ಲಿ ಮೊದಲ ಆ್ಯಂಟಿಬಯೋಟಿಕ್ ಹೋಗಬೇಕು ಎಂಬುದು ಗುರಿ. ‘ಕಿಮೋ ಆಗಿ ಹತ್ತು ದಿನ’ ಎಂದು ಬರೆಯಬೇಡಿ: ಕೆಲವರು ಕಿಮೋ ಹಾಕಿದ ದಿನದಿಂದ ಎಣಿಸುತ್ತಾರೆ, ಕೆಲವರು ಡಿಸ್ಚಾರ್ಜ್‌ನಿಂದ. ತಾರೀಖನ್ನೇ ಬರೆಯಿರಿ, ಎಣಿಕೆ ನಮಗಿರಲಿ. ‘ನಿನ್ನೆ ರಾತ್ರಿಯಿಂದ’ ಎನ್ನುವುದೂ ಹಾಗೆಯೇ. ಮೆಸೇಜು ಓದುವ ಹೊತ್ತಿಗೆ ದಿನ ಬದಲಾಗಿದ್ದರೆ ಅದರ ಅರ್ಥವೂ ಬದಲಾಗುತ್ತದೆ.

ಅಂಕಿಯ ವಿಷಯ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಯಾರ ಹಣೆ ಮುಟ್ಟಿದರೂ ಬಿಸಿಯೇ ಇರುತ್ತದೆ, ಹಾಗಾಗಿ ಕೈಯಿಂದ ನೋಡಿದ ಜ್ವರಕ್ಕೆ ಬೆಲೆಯಿಲ್ಲ. ಮನೆಯಲ್ಲೊಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ನಾಲಿಗೆಯ ಕೆಳಗೆ ಇಡುವುದಾದರೆ ಚಹಾ ಅಥವಾ ನೀರು ಕುಡಿದ ಕಾಲು ಗಂಟೆಯ ನಂತರ ಇಡಬೇಕು. ಬಾಯಿಹುಣ್ಣು ಇದ್ದು ಅಲ್ಲಿ ಇಡಲಾಗದಿದ್ದರೆ ಕಂಕುಳಲ್ಲಿ ಇಟ್ಟು, ಕಂಕುಳದ್ದು ಎಂದೇ ಬರೆಯಿರಿ, ಏಕೆಂದರೆ ಅಲ್ಲಿ ಅಂಕಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಗುದದ್ವಾರದಲ್ಲಿ ಮಾತ್ರ ಇಡಬೇಡಿ.

ಹೆಚ್ಚು ದಾರಿ ತಪ್ಪಿಸುವುದು ಪ್ಯಾರಾಸಿಟಮಾಲ್. ಮಧ್ಯಾಹ್ನ 101 ಇದ್ದ ಜ್ವರ ಒಂದು 650ರ ಮಾತ್ರೆಗೆ ನಾಲ್ಕಾರು ಗಂಟೆ ಇಳಿದಿರುತ್ತದೆ, ಸಂಜೆ ‘ಈಗ 99 ಇದೆ ಸರ್’ ಎಂದು ಮೆಸೇಜು ಬರುತ್ತದೆ, ಓದಿದವರು ನಿರಾಳರಾಗುತ್ತಾರೆ, ಒಳಗೆ ಸೋಂಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಜ್ವರ ಎಷ್ಟಿದೆ ಎಂದು ನೋಡಿ ಬರೆದುಕೊಳ್ಳುವ ಮುಂಚೆ ಮಾತ್ರೆ ಕೊಡಬೇಡಿ. ಕೊಟ್ಟಾಗಿದ್ದರೆ ಯಾವಾಗ ಕೊಟ್ಟಿರಿ, ಕೊಡುವ ಮುಂಚೆ ಎಷ್ಟಿತ್ತು ಎಂಬೆರಡನ್ನೂ ಹೇಳಿ. ವಾಂತಿಗೆಂದು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯೂ ಜ್ವರವನ್ನು ಮುಚ್ಚಿಡಬಲ್ಲದು. ಹಾಗೆಯೇ ಊರಿನಲ್ಲಿ ಯಾರಾದರೂ ಸೂಜಿ ಹಾಕಿದ್ದರೆ, ಸಲೈನ್ ಏರಿಸಿದ್ದರೆ ಮುಚ್ಚಿಡಬೇಡಿ. ಬೈಸಿಕೊಳ್ಳುತ್ತೇವೆಂಬ ಅಂಜಿಕೆಯಿಂದ ಇದನ್ನು ಹೇಳದವರೇ ಹೆಚ್ಚು, ಆದರೆ ನಮಗೆ ಬೇಕಾದ್ದು ಖಾಲಿ ಸೀಸೆಯ ಅಥವಾ ಮಾತ್ರೆ ಪಟ್ಟಿಯ ಒಂದು ಫೋಟೋ ಅಷ್ಟೆ.

‘ಸುಸ್ತು’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ, ಕಿಮೋ ಆದವರೆಲ್ಲರಿಗೂ ಸುಸ್ತಿರುತ್ತದೆ. ನಿನ್ನೆ ಮಾಡುತ್ತಿದ್ದು ಇವತ್ತು ಮಾಡಲಾಗದ್ದನ್ನು ಬರೆಯಿರಿ: ನಿನ್ನೆ ತಾವೇ ಬಚ್ಚಲಿಗೆ ಹೋಗುತ್ತಿದ್ದರು, ಇವತ್ತು ಇಬ್ಬರು ಹಿಡಿಯಬೇಕು ಎಂದರೆ ಚಿತ್ರ ಸ್ಪಷ್ಟ. ಇಷ್ಟನ್ನೆಲ್ಲ ಕೂಡಿಸಿದರೆ ನಿಮ್ಮ ಮೆಸೇಜು ಹೆಚ್ಚುಕಡಿಮೆ ಹೀಗಿರಬೇಕು (ತಾರೀಖು, ಅಂಕಿಗಳು ಉದಾಹರಣೆಗೆ):

“ತುರ್ತು: ಕಿಮೋ ನಂತರ ಜ್ವರ 101.2, ಚಳಿ ನಡುಕ. ಕೊನೆಯ ಕಿಮೋ ಮೇ 4, ಸ್ತನ ಕ್ಯಾನ್ಸರ್, 2ನೇ ಸೈಕಲ್, ಕೆಂಪು ಔಷಧ.
ಹೆಸರು, 56 ವರ್ಷ, ಫೈಲ್ ನಂಬರ್.
ಇವತ್ತು ಮೇ 14 ಸಂಜೆ 6:30ಕ್ಕೆ ಹಲ್ಲು ಕಟಕಟ ಅನ್ನುವಷ್ಟು ನಡುಕ. 7:10ಕ್ಕೆ ಕಂಕುಳಲ್ಲಿ 101.2. ಮಧ್ಯಾಹ್ನ 2ಕ್ಕೆ ಪ್ಯಾರಾಸಿಟಮಾಲ್ 650 ಒಂದು, ಆಗ ಜ್ವರ ನೋಡಿರಲಿಲ್ಲ. ಬಾಯಿಹುಣ್ಣು, ನಿನ್ನೆಯಿಂದ ರೊಟ್ಟಿ ಇಳಿಯುತ್ತಿಲ್ಲ, ಗಂಜಿ ಮಾತ್ರ. ಉಸಿರಾಟ, ಮಾತು ಸರಿ ಇವೆ. ಮಧ್ಯಾಹ್ನದಿಂದ ಮೂತ್ರ ಒಂದೇ ಸಲ.
ಶುಗರ್ ಇದೆ. ಪೆನಿಸಿಲಿನ್ ಆಗುವುದಿಲ್ಲ, ಹಿಂದೆ ಮೈ ದದ್ದು ಎದ್ದಿತ್ತು.
ಸಿಂಧನೂರಿನಲ್ಲಿದ್ದೇವೆ, ಕಾರು ಸಿದ್ಧ. ನೇರ ಬಳ್ಳಾರಿಗೆ ಬರಬೇಕೋ, ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ಇಲ್ಲೇ ಹಾಕಿಸಬೇಕೋ? ಮಗ, ಫೋನ್ ನಂಬರ್.”

ಅಲರ್ಜಿಯ ಸಾಲು ಭರ್ತಿಗೆಂದು ಇಟ್ಟದ್ದಲ್ಲ. ಇಂಥ ಜ್ವರಕ್ಕೆ ಮೊದಲು ಹಾಕುವ ಔಷಧಗಳಲ್ಲಿ ಪಿಪೆರಾಸಿಲಿನ್ ಸಾಮಾನ್ಯ, ಅದು ಪೆನಿಸಿಲಿನ್ ಗುಂಪಿನದು. ‘ಸರಿ ಇವೆ’ ಎಂಬ ಸಾಲೂ ಬೇಕು, ಏಕೆಂದರೆ ಉಸಿರಾಟದ ಬಗ್ಗೆ ಏನೂ ಬರೆಯದಿದ್ದರೆ ಅದು ಚೆನ್ನಾಗಿದೆಯೋ, ನೀವು ನೋಡಿಲ್ಲವೋ ನಮಗೆ ತಿಳಿಯದು. ಕೊನೆಯ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಕೊಡಬಹುದು. ‘ಏನು ಮಾಡಬೇಕು ಸರ್’ ಎಂದರೆ ಡಾಕ್ಟರು ಮತ್ತೆ ನಾಲ್ಕು ಪ್ರಶ್ನೆ ಕೇಳಬೇಕಾಗುತ್ತದೆ. ಕಿಮೋಗೆ ಮುಂಚಿನ ರಕ್ತಪರೀಕ್ಷೆಯ ಫೋಟೋಗಳು ಬೇಡ, ಅಂದಿನ ಕಣಗಳ ಲೆಕ್ಕ ಇವತ್ತಿಗೆ ಸಲ್ಲದು. ವಾಯ್ಸ್ ಮೆಸೇಜೂ ಬೇಡ, ವಾರ್ಡಿನ ಗದ್ದಲದಲ್ಲಿ ಅದನ್ನು ಕೇಳಿಸಿಕೊಳ್ಳುವುದು ತಡವಾಗುತ್ತದೆ. ಇನ್ನೊಂದು ಮಾತು: ಡಾಕ್ಸೊರುಬಿಸಿನ್‌ನಂಥ ಕೆಂಪು ಬಣ್ಣದ ಕಿಮೋ ಔಷಧ ಹಾಕಿದ ಮೊದಲ ಒಂದೆರಡು ದಿನ ಮೂತ್ರ ಕೆಂಪಾಗಿದ್ದರೆ ಅದು ಔಷಧದ ಬಣ್ಣ, ವಾರ ಕಳೆದ ಮೇಲೆ ಕೆಂಪಾದರೆ ಅದನ್ನು ಬರೆಯಲೇಬೇಕು.

ಮೆಸೇಜು ಕಳುಹಿಸಿದ ಕೂಡಲೇ ಅದೇ ನಂಬರಿಗೆ ಫೋನ್ ಮಾಡಿ, ‘ಕಿಮೋ ಪೇಷಂಟ್, ಜ್ವರ, ಮೆಸೇಜ್ ಹಾಕಿದ್ದೇವೆ’ ಎಂದಷ್ಟೇ ಹೇಳಿ. ಹತ್ತು ಹದಿನೈದು ನಿಮಿಷದಲ್ಲಿ ಯಾರೂ ಸಿಗದಿದ್ದರೆ ಉತ್ತರಕ್ಕೆ ಕಾಯದೆ ಹೊರಡಿ. ಊರಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ರಿಪೋರ್ಟಿಗೆ ಕೂರಬೇಡಿ. ಮಾತು ತೊದಲಿದರೆ, ಎದುರಿಗಿದ್ದವರ ಗುರುತು ಸಿಗದಂತೆ ಮಾತನಾಡಿದರೆ, ಏದುಸಿರು ಬಂದರೆ, ಕೈಕಾಲು ತಣ್ಣಗಾಗಿ ನಿಲ್ಲಲಾಗದಂತಾದರೆ ಮೆಸೇಜು ಬರೆಯುತ್ತ ಕೂರದೆ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಯಾವ ಆಸ್ಪತ್ರೆಗೇ ಹೋದರೂ ಕ್ಯಾಶುವಾಲಿಟಿಯಲ್ಲಿ ಚೀಟಿ ಬರೆಯುವವರಿಗೆ ಬರೀ ‘ಜ್ವರ’ ಎಂದರೆ ನಿಮ್ಮನ್ನು ಡೆಂಗಿ, ಟೈಫಾಯಿಡ್ ಶಂಕೆಯವರ ಸರತಿಯಲ್ಲಿ ನಿಲ್ಲಿಸುತ್ತಾರೆ. ಫೈಲು ತೆರೆದು, ಕೊನೆಯ ಕಿಮೋದ ತಾರೀಖು ಇರುವ ಪುಟವನ್ನು ಮುಂದಿಟ್ಟು, ಮೊದಲ ಮಾತಿನಲ್ಲೇ ‘ಕಿಮೋ ನಡೆಯುತ್ತಿದೆ’ ಎನ್ನಿ.