ಒಂದೇ ಮಾತು ಮೂರು ಸಲ ಬಂದರೆ ಯಾವುದನ್ನು ಉಳಿಸಬೇಕು?

ಪ್ರಶ್ನೆ: ಒಬ್ಬರು ಗಿಡ ಬೆಳೆಸುವ ಬಗ್ಗೆ 45 ನಿಮಿಷ ಮಾತಾಡಿದ್ದರು. ರೆಕಾರ್ಡಿಂಗ್ ಕೇಳಿ ಪೂರ್ತಿ ಬರೆದಿಟ್ಟಿದ್ದೇನೆ, 16 ಪುಟ ಆಗಿದೆ. ಹೇಳಿದ್ದನ್ನೇ ಹೇಳಿದ್ದಾರೆ, ಮಧ್ಯೆ ಎಲ್ಲೆಲ್ಲೋ ಹೋಗಿದ್ದಾರೆ. ಅವರ ಮಾತಿನ ಕ್ರಮ ಕೆಡಿಸದೆ ಲೇಖನ ಮಾಡೋದು ಹೇಗೆ?

ಉತ್ತರ: ಈಗಲೇ ಏನನ್ನೂ ಅಳಿಸಬೇಡಿ. ಮೊದಲು 16 ಪುಟವನ್ನೂ ಓದುತ್ತಾ, ಮಾತು ತಿರುಗಿದ ಕಡೆಯೆಲ್ಲ ಅಂಚಿನಲ್ಲಿ ನಿಮಿಷ ಬರೆಯಿರಿ. ಪಕ್ಕದಲ್ಲಿ ಅವರು ಹೇಳಿದ್ದನ್ನು ಒಂದು ಸಾಲಿನಲ್ಲಿ ಗುರುತು ಮಾಡಿಕೊಳ್ಳಿ. ಸುಮ್ನೆ ‘ನೀರು’ ಅಂತ ಬರೆದರೆ ಪ್ರಯೋಜನವಿಲ್ಲ. ‘ಮೊದಲ ವರ್ಷ ನೀರು ತಪ್ಪಿಸಬಾರದು’ ಅಂತ ಪೂರ್ತಿ ವಾಕ್ಯ ಇರಲಿ. ಯಾವುದು ನಿಜವಾಗಿಯೂ ಪುನರುಕ್ತಿ, ಯಾವುದು ಹಾಗೆ ಕಾಣುತ್ತದೆ ಅಷ್ಟೇ ಅನ್ನುವುದು ಆಗ ಗೊತ್ತಾಗುತ್ತದೆ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಅವರ ಭಾಷಣದಲ್ಲಿ ನೀರಿನ ಮಾತು ಮೂರು ಕಡೆ ಬಂದಿದೆ ಅಂದುಕೊಳ್ಳಿ:

6ನೇ ನಿಮಿಷ: “ನೀರು ಹಾಕ್ಬೇಕು, ಮೊದಲ ವರ್ಷ ನೀರು ತಪ್ಪಿಸ್ಬಾರ್ದು, ನೀರೇ ಮುಖ್ಯ.”

19ನೇ ನಿಮಿಷ: “ಆಗ್ಲೇ ಹೇಳಿದ್ನಲ್ಲ, ನೀರು. ಈಗ ಮರಳು ಮಣ್ಣಾದ್ರೆ ನೀರು ಬೇಗ ಇಳಿದ್ಹೋಗುತ್ತೆ, ಪದೇ ಪದೇ ಹಾಕ್ಬೇಕು.”

38ನೇ ನಿಮಿಷ: “ನೀರು, ನೀರು ಅಂತೀನಿ, ಆದ್ರೆ ಬುಡದಲ್ಲಿ ನೀರು ನಿಲ್ಲೋ ಹಾಗಿದ್ರೆ ಬೇಡ, ಬೇರು ಕೊಳೆಯುತ್ತೆ.”

ಮೂರರಲ್ಲೂ ‘ನೀರು’ ಇದೆ ಅಂತ ಒಂದನ್ನಿಟ್ಟು ಎರಡನ್ನು ತೆಗೆದರೆ ಲೇಖನ ತಪ್ಪು ಹೇಳುತ್ತದೆ. ಮೊದಲನೆಯದು ಮಾತು, ಎರಡನೆಯದು ಅದರ ವಿವರ, ಮೂರನೆಯದು ಅದಕ್ಕೆ ಹಾಕಿದ ಷರತ್ತು. ಹೋಗಬೇಕಾದ್ದು 6ನೇ ನಿಮಿಷದ ಒಳಗೇ ತಿರುಗಿದ ಸುತ್ತು ಮತ್ತು ‘ಆಗ್ಲೇ ಹೇಳಿದ್ನಲ್ಲ’ ಥರದ ಕೊಂಡಿಗಳು ಮಾತ್ರ.

ಉಳಿದದ್ದನ್ನು ಎಲ್ಲಿ ಕೂರಿಸೋದು? ಮಾತು ಮೊದಲ ಸಲ ಬಂದ ಜಾಗವೇ ಅದರ ಮನೆ. ವಿವರವನ್ನೂ ಷರತ್ತನ್ನೂ ಅಲ್ಲಿಗೇ ತನ್ನಿ:

“ಮೊದಲ ವರ್ಷ ನೀರು ತಪ್ಪಿಸಬಾರದು. ಮರಳು ಮಣ್ಣಿನಲ್ಲಿ ನೀರು ಬೇಗ ಇಳಿದು ಹೋಗುವುದರಿಂದ ಪದೇ ಪದೇ ಹಾಕಬೇಕು. ಆದರೆ ಬುಡದಲ್ಲಿ ನೀರು ನಿಲ್ಲುವಂತಿದ್ದರೆ ಬೇಡ, ಬೇರು ಕೊಳೆಯುತ್ತದೆ.”

ಇದಕ್ಕೊಂದು ಅಪವಾದ ಇದೆ. ಮಣ್ಣಿನ ಬಗೆಗಳನ್ನು ಅವರು 12ನೇ ನಿಮಿಷದಲ್ಲಿ ವಿವರಿಸಿ, ಅದನ್ನೇ ನಂಬಿಕೊಂಡು 19ರಲ್ಲಿ ಮಾತಾಡಿದ್ದರೆ, ಆ ವಿವರವನ್ನು ಮೇಲೆ ತರಬೇಡಿ. ಓದುವವರಿಗೆ ಮಣ್ಣಿನ ಪಾಠ ಇನ್ನೂ ಆಗಿರುವುದಿಲ್ಲ, ಅಲ್ವಾ? ಷರತ್ತನ್ನು ಮಾತ್ರ ಮೇಲಕ್ಕೆ ತನ್ನಿ, ಮರಳು ಮಣ್ಣಿನ ಮಾತು ಮಣ್ಣಿನ ಭಾಗದಲ್ಲೇ ಇರಲಿ. ‘ಅದನ್ನ ಆಮೇಲೆ ಹೇಳ್ತೀನಿ’ ಅಂತ ಅವರೇ ಮುಂದೂಡಿದ್ದರೆ, ಅದು ಅವರು ಹಾಕಿಕೊಂಡ ಕ್ರಮ. ಆಮೇಲೆ ಹೇಳಿದ ಕಡೆಯೇ ಬಿಡಿ.

ಮಧ್ಯೆ ‘ಎಲ್ಲೆಲ್ಲೋ ಹೋಗಿದ್ದಾರೆ’ ಅಂದಿರಲ್ಲ, ಅಲ್ಲಿ ಅವರು ವಾಪಸ್ ಬಂದ ವಾಕ್ಯವನ್ನು ನೋಡಿ. ‘ಅದಕ್ಕೇ ಹೇಳಿದ್ದು’ ಅಂತ ಬಂದಿದ್ದರೆ ಆ ಕಥೆ ಉದಾಹರಣೆ. ಎರಡು ಮೂರು ಸಾಲಿಗೆ ಇಳಿಸಿ ಉಳಿಸಿಕೊಳ್ಳಿ. ‘ಇರ್ಲಿ, ಎಲ್ಲಿದ್ವಿ?’ ಅಂತ ಬಂದಿದ್ದರೆ ಸಾಮಾನ್ಯವಾಗಿ ಬಿಡಬಹುದು. ‘ಮೂರು ಅಡಿ, ಅಲ್ಲ, ಎರಡು ಅಡಿ’ ಅಂತ ತಿದ್ದಿಕೊಂಡಿದ್ದರೆ ತಿದ್ದಿದ್ದು ಮಾತ್ರ ಸಾಕು. ಅಂಕಿ ಬಂದ ಕಡೆಯೆಲ್ಲ ರೆಕಾರ್ಡಿಂಗ್ ಮತ್ತೆ ಕೇಳಿ. ‘ಮೂರು’, ‘ನೂರು’ ಎರಡೂ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ.

ಇನ್ನು ಜೋಡಿಸುವ ಪದಗಳು. ನನಗೆ ಜಾಸ್ತಿ ಭಯ ಇರುವುದು ಇವುಗಳದ್ದೇ, ಏಕೆಂದರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಭಾಷಣದಲ್ಲಿ “ತರಗೆಲೆ ಹಾಕಿ ಮುಚ್ಚಿದ್ವಿ. ಆಮೇಲೆ ಗಿಡ ಚಿಗುರ್ತು” ಅಂತ ಇದೆ ಅಂದುಕೊಳ್ಳಿ. ಅದನ್ನು “ತರಗೆಲೆ ಮುಚ್ಚಿದ್ದರಿಂದ ಗಿಡ ಚಿಗುರಿತು” ಅಂತ ಮಾಡಿದರೆ ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಕಾರಣ ಅದೇ ಅಂತ ಅವರು ಹೇಳಿಯೇ ಇಲ್ಲ! ‘ಆಮೇಲೆ’ ಇದ್ದದ್ದು ‘ಆಮೇಲೆ’ಯಾಗಿಯೇ ಇರಲಿ. ಆಡುಮಾತಿನ ‘ಹಾಕ್ಬೇಕು’ವನ್ನು ‘ಹಾಕಬೇಕು’ ಮಾಡಿ, ಪರವಾಗಿಲ್ಲ. ಆದರೆ ‘ಹಾಕಿದರೆ ಒಳ್ಳೇದು’ ಅನ್ನೋದನ್ನು ‘ಹಾಕಲೇಬೇಕು’ ಮಾಡಬೇಡಿ.

ಕರಡು ಮುಗಿದ ಮೇಲೆ ಪ್ರತಿ ಪ್ಯಾರಾದ ಪಕ್ಕ ಮತ್ತೆ ನಿಮಿಷ ಬರೆಯಿರಿ. ನಿಮಿಷ ಸಿಗದ ವಾಕ್ಯ ನಿಮ್ಮದು, ಅವರದ್ದಲ್ಲ. ಅದರಲ್ಲಿ ಹೊಸ ಅಭಿಪ್ರಾಯ ಇದ್ದರೆ ತೆಗೆಯಿರಿ. ನಿಮಿಷಗಳು 6, 12, 19 ಅಂತ ಹೆಚ್ಚೂಕಡಿಮೆ ಏರುತ್ತಾ ಹೋಗಬೇಕು. 38 ಮಧ್ಯದಲ್ಲಿ ಹಾರಿ ಬಂದಿದ್ದರೆ ಏಕೆ ತಂದಿರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಕಾರಣ ಇರಬೇಕು. ಭಾಷಣ ಮಾಡಿದವರಿಗೆ ಕರಡು ಕಳಿಸುವಾಗ ಹೀಗೆ ಜಾಗ ಬದಲಿಸಿದ ಸಾಲುಗಳಿಗೆ ಗುರುತು ಹಾಕಿ ಕೊಡಿ. ಇಡೀ ಲೇಖನ ಓದಲು ಅವರಿಗೆ ಸಮಯ ಆಗದಿದ್ದರೂ ಅಷ್ಟನ್ನು ನೋಡಿ ಹೇಳಬಹುದು.