ಮ್ಯಾನೇಜರ್ ಹೇಳಿದ್ದು ಅರ್ಧಂಬರ್ಧ ಇದ್ದಾಗ

ಪ್ರಶ್ನೆ: ಮ್ಯಾನೇಜರ್ "ಸೇಲ್ಸ್ ರಿಪೋರ್ಟ್ ಒಂದು ಮಾಡಿ ಕಳಿಸಿ" ಅಂತಷ್ಟೇ ಹೇಳ್ತಾರೆ. ಮತ್ತೆ ಮತ್ತೆ ಕೇಳಿದ್ರೆ ಏನೂ ಗೊತ್ತಿಲ್ಲ ಅಂದ್ಕೋತಾರೇನೋ ಅಂತ ಭಯ. ಹೇಗೆ ಕೇಳಲಿ?

ಉತ್ತರ: ನೀವು ಏನೆಂದು ಅಂದುಕೊಂಡಿದ್ದೀರೋ ಅದನ್ನು ಮೊದಲು ಬರೆಯಿರಿ. ಊಹಿಸಲಾಗದ ಒಂದೆರಡನ್ನು ಮಾತ್ರ ಪ್ರಶ್ನೆಯಾಗಿ ಕೇಳಿ. ಹೀಗೆ:

"ಸರ್, ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕ ತಗೊಳ್ತಿದ್ದೀನಿ. ಜಿಎಸ್‌ಟಿ ಬಿಟ್ಟು, ವಾಪಸ್ ಬಂದ ಮಾಲು ಕಳೆದು ತೋರಿಸ್ತೀನಿ. ತಪ್ಪಿದ್ರೆ ತಿಳಿಸಿ. ಒಂದು ಪ್ರಶ್ನೆ: ಇದನ್ನು ನೋಡುವವರು ಯಾರು, ನಮ್ಮ ಟೀಮೋ, ಡೈರೆಕ್ಟರೋ?"

"ರಿಪೋರ್ಟ್ ಹೇಗಿರಬೇಕು ಸರ್?" ಎಂದರೆ ಅವರು ಮೊದಲಿನಿಂದ ಯೋಚಿಸಬೇಕು, ಹಾಗಾಗಿ ಉತ್ತರ ನಾಳೆಗೆ ಹೋಗುತ್ತದೆ. ಬರೆದಿಟ್ಟ ಊಹೆಯನ್ನು ತಿದ್ದುವುದು ಸುಲಭ. "ಜೂನ್ ಅಲ್ಲ, ಜುಲೈವರೆಗೆ" ಎಂದು ಮೀಟಿಂಗ್ ಮಧ್ಯದಲ್ಲೇ ಟೈಪ್ ಮಾಡಿಬಿಡಬಹುದು. ಎಷ್ಟೋ ಸಲ ಅವರಿಗೂ ತಮಗೇನು ಬೇಕೆಂದು ಹೊಳೆಯುವುದು ತಪ್ಪು ಊಹೆ ಕಣ್ಣಿಗೆ ಬಿದ್ದಾಗಲೇ.

ಊಹೆಗಳಲ್ಲಿ ಫಲಿತಾಂಶ ಬದಲಿಸುವವನ್ನಷ್ಟೇ ಬರೆಯಿರಿ. ವಾಪಸ್ ಮಾಲು ಕಳೆಯದಿದ್ದರೆ ಒಟ್ಟು ಮೊತ್ತವೇ ಬೇರೆ. ಟೇಬಲ್ಲಿನ ಬಣ್ಣ ಯಾವುದಾದರೇನು! ಪ್ರಶ್ನೆ ಹತ್ತಾದರೆ ಮೊದಲನೆಯದಕ್ಕೆ ಮಾತ್ರ ಉತ್ತರ ಬರುತ್ತದೆ.

"ಅದೋ ಇದೋ" ಎಂದು ಕೇಳಿದ್ದಕ್ಕೆ ಬರೀ "ಓಕೆ" ಬಂದರೆ ಅದು ಉತ್ತರವಲ್ಲ, ಅದೊಂದನ್ನೇ ಮತ್ತೆ ಕೇಳಿ. ಉತ್ತರವೇ ಬರದಿದ್ದರೆ ನಿಮ್ಮ ಊಹೆಯಂತೆ ಶುರು ಮಾಡಬಹುದು. ಆದರೆ ಗ್ರಾಹಕರಿಗೆ ಹೋಗುವ ಮೇಲ್, ಹಣ ಪಾವತಿಯಂಥ ಹಿಂದಕ್ಕೆ ಪಡೆಯಲಾಗದ ಕೆಲಸಕ್ಕೆ ಫೋನ್ ಮಾಡಿಯಾದರೂ ಸ್ಪಷ್ಟ ಒಪ್ಪಿಗೆ ಪಡೆದೇ ಮುಂದುವರಿಯಿರಿ.