ಸುಕನ್ಯಾ ಒಂದನ್ನೇ ನಂಬಿದರೆ ಮೊದಲ ವರ್ಷದ ಫೀಗೇ ಸಾಲದು

ನಮ್ಮ ಗುಂಪಿನಲ್ಲಿ ತಂಗಿಯೊಬ್ಬರು ಕೇಳಿದ ಪ್ರಶ್ನೆ ಇದು, ಕೆಲವರು ಆಗಲೇ ಉತ್ತರ ಕೊಟ್ಟಿದ್ದಾರೆ: "ಮಗಳಿಗೆ ಈಗ 6 ವರ್ಷ, ಒಂದನೇ ಕ್ಲಾಸು. ಅಣ್ಣನ ಮಗನಿಗೆ ಇಂಜಿನಿಯರಿಂಗ್ ಫೀ ವರ್ಷಕ್ಕೆ 2.5 ಲಕ್ಷ, ಹಾಸ್ಟೆಲ್ 1.2 ಲಕ್ಷ ಆಗ್ತಿದೆ. ನಾಲ್ಕು ವರ್ಷಕ್ಕೆ ಒಟ್ಟು 15 ಲಕ್ಷ ಅಂತ ಹಿಡಿದು, ಸುಕನ್ಯಾ ಸಮೃದ್ಧಿ ಖಾತೆಯಲ್ಲಿ ವರ್ಷಕ್ಕೆ 75 ಸಾವಿರ ಕಟ್ಟಿದರೆ ಸಾಕಲ್ವಾ? ಅಡಿಕೆ ಬಿಟ್ಟು ಬೇರೆ ಆದಾಯ ಇಲ್ಲ."

ಸಾಕಾಗುವುದಿಲ್ಲ ತಂಗಿ. ಲೆಕ್ಕ ಎರಡು ಕಡೆ ತಪ್ಪುತ್ತದೆ.

ಮೊದಲನೆಯದು ಆ 15 ಲಕ್ಷ. ಅದು ಈಗ ಓದುತ್ತಿರುವವನ ಖರ್ಚು. ನಿಮ್ಮ ಮಗಳು ಕಾಲೇಜು ಮೆಟ್ಟಿಲು ಹತ್ತುವುದು 12 ವರ್ಷದ ನಂತರ. ಫೀ ಎಷ್ಟು ಬೇಗ ಏರುತ್ತದೆ ಎಂದು ನೋಡಲು ನಾನು ಒಂದು ಸಣ್ಣ ಕೆಲಸ ಮಾಡಿದೆ. ನಮ್ಮ ಮನೆಯ ಇಬ್ಬರೂ ಮಕ್ಕಳು ಒಂದೇ ಶಾಲೆಯಲ್ಲಿ ಓದಿದವರು. ದೊಡ್ಡವನ ಒಂದನೇ ಕ್ಲಾಸಿನ ರಸೀದಿ 2010ರದ್ದು, 14 ಸಾವಿರ. ಚಿಕ್ಕವಳ ಒಂದನೇ ಕ್ಲಾಸಿನದು 2016ರದ್ದು, 25 ಸಾವಿರ. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ನೂರಕ್ಕೆ 10. ನೀವೂ ಹೀಗೆ ಒಂದೇ ತರಗತಿಯನ್ನು ಬೇರೆ ಬೇರೆ ವರ್ಷಕ್ಕೆ ಹೋಲಿಸಿ. ಒಂದೇ ಮಗುವಿನ ಒಂದನೇ ಕ್ಲಾಸಿನ ಫೀ ಹತ್ತನೇ ಕ್ಲಾಸಿನ ಫೀ ಪಕ್ಕ ಇಟ್ಟು ನೋಡಿದರೆ ಸುಮ್ನೆ ಹೆದರಿಕೆ ಆಗುತ್ತದೆ, ಯಾಕೆಂದರೆ ಮೇಲಿನ ತರಗತಿಗೆ ಹೇಗೂ ಜಾಸ್ತಿ ಇರುತ್ತದೆ.

ಕಾಲೇಜು ಫೀಗೂ ಅದೇ 10 ಹಿಡಿಯಿರಿ. ಹಾಸ್ಟೆಲು, ಊಟ ಅಷ್ಟು ಓಡುವುದಿಲ್ಲ. ಅದು ಅಕ್ಕಿ, ಬೇಳೆ, ಬಾಡಿಗೆಯ ಜೊತೆ ನಡೆಯುತ್ತದೆ, ಅದಕ್ಕೆ 6 ಸಾಕು. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರೆ ಹೀಗಾಗುತ್ತದೆ: ಮೊದಲ ವರ್ಷಕ್ಕೆ ಫೀ 7.85 ಲಕ್ಷ, ಹಾಸ್ಟೆಲ್ 2.4 ಲಕ್ಷ. ನಾಲ್ಕನೇ ವರ್ಷ ಮುಗಿಯುವ ಹೊತ್ತಿಗೆ ಒಟ್ಟು ಸುಮಾರು 47 ಲಕ್ಷ. ಎಲ್ಲವೂ ನೂರಕ್ಕೆ 5ರಂತೆ ಏರುತ್ತದೆ ಎಂದುಕೊಂಡಿದ್ದರೆ 29 ಲಕ್ಷದಲ್ಲಿ ಮುಗಿಯುತ್ತಿತ್ತು. 12 ವರ್ಷವೂ ಫೀ ಇದೇ ಓಟದಲ್ಲಿ ಏರುತ್ತದೆಯೇ ಎಂದು ಕೇಳಬೇಡಿ, ಅದನ್ನು ಯಾರೂ ಬರೆದುಕೊಡಲಾರರು. ಪ್ರತಿ ದೀಪಾವಳಿಗೆ ಆ ವರ್ಷದ ನಿಜವಾದ ಫೀ ಕೇಳಿಕೊಂಡು ಮತ್ತೆ ಲೆಕ್ಕ ಹಾಕಿ.

ಎರಡನೆಯದು ಸುಕನ್ಯಾ. ಮೇಲಿನ ಉತ್ತರಗಳಲ್ಲಿ ಸಾಗರದ ಗೆಳೆಯರು "ಎಲ್ಲಾ ಅಲ್ಲೇ ಹಾಕಿ, ಬಡ್ಡಿ 8.2, ತೆರಿಗೆ ಇಲ್ಲ" ಎಂದಿದ್ದಾರೆ. ಬಡ್ಡಿಯ ಮಾತು ಸರಿ. ಆದರೆ ಅವರು ಪಾಸ್‌ಬುಕ್ಕಿನ ಹಿಂದಿನ ಪುಟ ಓದಿದಂತಿಲ್ಲ. ಖಾತೆ ಪೂರ್ತಿಯಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. ಈಗ ತೆರೆದರೆ ಆಗ ಮಗಳಿಗೆ 27! ಓದಿಗೆಂದು 18 ತುಂಬಿದ ಮೇಲೆ, ಅಥವಾ 10ನೇ ಕ್ಲಾಸು ಪಾಸಾದ ಮೇಲೆ ತೆಗೆಯಬಹುದು, ಆದರೆ ಹಿಂದಿನ ಆರ್ಥಿಕ ವರ್ಷದ ಕೊನೆಗೆ ಇದ್ದ ಬಾಕಿಯ ಅರ್ಧ ಮಾತ್ರ. ಅದೂ ಕಾಲೇಜಿನ ಫೀ ಪತ್ರ ತೋರಿಸಿದ ಮೇಲೆ. ಮದುವೆ ಎಂದರೆ 18ರ ನಂತರ ಖಾತೆಯನ್ನೇ ಮುಚ್ಚಿ ಎಲ್ಲಾ ಕೊಡುತ್ತಾರೆ, ಓದು ಎಂದರೆ ಅರ್ಧ. ಏನು ನಿಯಮವೋ.

ಈಗ ನಿಮ್ಮ 75 ಸಾವಿರ ನೋಡಿ. ಬಡ್ಡಿ ಇದೇ ಉಳಿದರೆ 12 ಕಂತಿಗೆ ಸುಮಾರು 15.6 ಲಕ್ಷ ಆಗುತ್ತದೆ. ಅದರ ಅರ್ಧ 7.8 ಲಕ್ಷ. ಮೊದಲ ವರ್ಷಕ್ಕೇ ಬೇಕಾಗಿರುವುದು 10 ಲಕ್ಷದ ಮೇಲೆ.

ಹಾಗಂತ ಸುಕನ್ಯಾ ಬೇಡ ಎನ್ನುತ್ತಿಲ್ಲ. ಅಲ್ಲಿ 30 ಸಾವಿರ ಇಡಿ. ಉಳಿದ ಅರ್ಧ ಮುಂದೆ ಎಂ.ಟೆಕ್‌ಗೋ ಮತ್ತೊಂದಕ್ಕೋ ಆಗುತ್ತದೆ. ಬಾಕಿ 45 ಸಾವಿರ ಬೇಕಾದಾಗ ತೆಗೆಯಲು ಬರುವ ಕಡೆ ಇರಲಿ. 12 ವರ್ಷ ಸಮಯ ಇರುವುದರಿಂದ ನಾನಾದರೆ ದೊಡ್ಡ ಕಂಪನಿಗಳ ಷೇರಿನಲ್ಲಿ ಹಣ ತೊಡಗಿಸುವ ನಿಫ್ಟಿ ಇಂಡೆಕ್ಸ್ ಫಂಡಿಗೆ ಹಾಕುತ್ತೇನೆ. ತಿಂಗಳ ಕಂತು ಕಟ್ಟಬೇಕೆಂದೇನಿಲ್ಲ, ಅಡಿಕೆ ಮಂಡಿಯ ಚೀಟಿ ಕೈಗೆ ಬಂದಾಗ ಒಟ್ಟಿಗೆ ಹಾಕಬಹುದು. ಅಲ್ಲಿ ಖಾತರಿ ಇಲ್ಲ, ಕೆಲವು ವರ್ಷ ಹಾಕಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಮಗಳು 10ನೇ ಕ್ಲಾಸಿಗೆ ಬಂದ ಕೂಡಲೇ ಮೊದಲ ಎರಡು ವರ್ಷದ ಫೀ ಹಣವನ್ನು ಎಫ್‌ಡಿಗೆ ತಂದುಬಿಡಿ. ಪಿಯುಸಿ ಫಲಿತಾಂಶದ ವಾರದಲ್ಲಿ ಮಾರುಕಟ್ಟೆ ಬಿದ್ದಿದ್ದರೆ ಫೀ ಕೊನೆಯ ದಿನಾಂಕ ನಿಮಗಾಗಿ ಕಾಯುವುದಿಲ್ಲ.

ಮುಖ್ಯವಾದ ಬದಲಾವಣೆ ಇದು: ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ನೂರಕ್ಕೆ 10 ಹೆಚ್ಚು ಹಾಕಿ. 75 ಸಾವಿರ, ಆಮೇಲೆ 82,500, ಆಮೇಲೆ 90,750. ಫೀ ಏರುವ ವೇಗದಲ್ಲೇ ಉಳಿತಾಯವೂ ಏರಿದರೆ, 8.2 ಹಿಡಿದರೂ 15.6 ಲಕ್ಷದ ಜಾಗದಲ್ಲಿ ಸುಮಾರು 25 ಲಕ್ಷ ಆಗುತ್ತದೆ. ಹೆಚ್ಚಾದದ್ದೆಲ್ಲ ಫಂಡಿನ ಕಡೆ ಹೋಗಲಿ. ಆದರೆ 12ನೇ ವರ್ಷದ ಕಂತು 2.14 ಲಕ್ಷ ಆಗುತ್ತದೆ, ಅದನ್ನೂ ಈಗಲೇ ನೋಡಿಕೊಳ್ಳಿ. ಕೊಳೆರೋಗ ಬಂದ ವರ್ಷ, ರೇಟು ಬಿದ್ದ ವರ್ಷ ಏರಿಸಲು ಆಗುವುದಿಲ್ಲ. ಆ ವರ್ಷ ಹಿಂದಿನಷ್ಟೇ ಹಾಕಿ, ರೇಟು ಬಂದ ವರ್ಷ ಎರಡು ಮೆಟ್ಟಿಲು ಏರಿ. ನಾನು ಸೊಸೈಟಿ ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಲ್ಲಿ "ಬಾಕಿ ಮೆಟ್ಟಿಲು" ಎಂದು ಬರೆದಿಟ್ಟುಕೊಳ್ಳುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ಇಷ್ಟಾದರೂ ಗುರಿ ಮುಟ್ಟುವುದಿಲ್ಲ. ಉಳಿದದ್ದಕ್ಕೆ ವಿದ್ಯಾಭ್ಯಾಸ ಸಾಲ ಮತ್ತು ಆಯಾ ವರ್ಷದ ಬೆಳೆ. ಸಾಲ ಎಂದರೆ ಮುಖ ತಿರುಗಿಸಬೇಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಆದರೆ ಬಡ್ಡಿ ಓಡುತ್ತಿರುತ್ತದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಹೋದರೆ ಅಸಲು ಊದಿಕೊಳ್ಳುವುದಿಲ್ಲ. ಮನೆಯ ಆದಾಯ 8 ಲಕ್ಷದೊಳಗಿದ್ದು, ಪಿಎಂ ವಿದ್ಯಾಲಕ್ಷ್ಮಿ ಪಟ್ಟಿಯಲ್ಲಿರುವ ಕಾಲೇಜಾದರೆ 10 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ 3 ಬಡ್ಡಿ ರಿಯಾಯಿತಿ ಇದೆ. ನಿಮ್ಮ ಮಗಳ ಕಾಲಕ್ಕೆ ಆ ಯೋಜನೆ ಹೀಗೇ ಇರಬೇಕೆಂದಿಲ್ಲ, ಅದನ್ನು ನಂಬಿ ಉಳಿತಾಯ ಕಡಿಮೆ ಮಾಡಬೇಡಿ.

ಸೈಟು ತಗೊಂಡುಬಿಡಿ ಎಂದು ಇಲ್ಲಿ ಉತ್ತರ ಕೊಟ್ಟವರಿಗೆ ಆ ಮಾತು ಫಲಿಸಿದೆ, ಸಂತೋಷ. ಆದರೆ ಫೀ ಕಟ್ಟುವುದು ಜುಲೈ-ಆಗಸ್ಟಿನಲ್ಲಿ, ಸೈಟು ಮಾರುವುದು ಕೊಳ್ಳುವವ ಸಿಕ್ಕಾಗ. ಅರ್ಧ ಸೈಟು ಮಾರಲೂ ಬರುವುದಿಲ್ಲ. ವಿದೇಶದ ಸ್ಕಾಲರ್‌ಶಿಪ್ ಲಿಂಕು ಹಾಕಿದವರು ಪ್ರಶ್ನೆ ಓದಿಲ್ಲ ಅನ್ನಿಸುತ್ತೆ, ಮಗು ಇನ್ನೂ ಮಗ್ಗಿ ಕಲಿಯುತ್ತಿದೆ. ಮಕ್ಕಳ ವಿಮಾ ಪಾಲಿಸಿ ಬಗ್ಗೆ ನನ್ನ ಕಥೆ ಒಂದೇ ಸಾಲು: ನೆಂಟರ ಮಾತಿಗೆ ಮೂರು ವರ್ಷ 40 ಸಾವಿರದಂತೆ ಕಟ್ಟಿ ಬಿಟ್ಟೆ, ಅರ್ಧಕ್ಕಿಂತ ಕಡಿಮೆ ವಾಪಸ್ ಬಂತು.

ಕೊನೆಗೆ, ಇಲ್ಲಿ ಯಾರೂ ಎತ್ತದ ಒಂದು ವಿಷಯ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ನೂರಕ್ಕೆ 15 ಇದೆ, ಕನ್ನಡ ಮಾಧ್ಯಮಕ್ಕೆ 5. ಅದಕ್ಕೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಹಾಗೆಯೇ ಓದಿರಬೇಕು. ನಮ್ಮ ಕಡೆ ಏಳು ಮುಗಿಸಿ ಎಂಟಕ್ಕೆ ಪೇಟೆಯ ಶಾಲೆಗೆ ಹಾಕುವವರು ಬಹಳ ಜನ. ನಮ್ಮ ದೊಡ್ಡವನನ್ನೂ ಹಾಗೇ ಹಾಕಿದೆವು, ಸೀಟು ಹಂಚುವಾಗ ಗೊತ್ತಾಯಿತು. ಸಿಇಟಿ ಸೀಟಿನ ಫೀಗೂ ಮ್ಯಾನೇಜ್‌ಮೆಂಟ್ ಸೀಟಿನ ಫೀಗೂ ಇರುವ ಅಂತರ ನಿಮ್ಮ ಅಣ್ಣನನ್ನೇ ಕೇಳಿ ನೋಡಿ. ಮಗಳ ಶಾಲೆ ಪಂಚಾಯಿತಿ ವ್ಯಾಪ್ತಿಯದ್ದಾ, ಪಟ್ಟಣ ಪಂಚಾಯಿತಿಯದ್ದಾ? ಅದನ್ನು ತಿಳಿಸಿ, ಶಾಲೆಯಿಂದ ಯಾವ ದಾಖಲೆ ಈಗಲೇ ಎತ್ತಿಟ್ಟುಕೊಳ್ಳಬೇಕು ಎಂದು ಹೇಳುತ್ತೇನೆ.